ಕೀಲಿಕೈ ಕೊಟ್ಟ ನಲವತ್ತನೆಯ ದಿನ

ವಿಜಯನಗರದ ಬಾಡಿಗೆ ಮನೆಯನ್ನು ನಾವು ಮಾರ್ಚ್ 31ರಂದು ಖಾಲಿ ಮಾಡಿದೆವು. ತಿಂಗಳಿಗೆ 15,000 ಬಾಡಿಗೆ, ಹತ್ತು ತಿಂಗಳ ಲೆಕ್ಕದಲ್ಲಿ 1,50,000 ರೂಪಾಯಿ ಅಡ್ವಾನ್ಸ್. ಮನೆ ಬಿಟ್ಟ 30 ದಿನಗಳೊಳಗೆ, ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನೂ ಬಾಕಿ ಬಿಲ್ಲುಗಳನ್ನೂ ಮುರಿದುಕೊಂಡು ಉಳಿದದ್ದನ್ನು ಹಿಂತಿರುಗಿಸಬೇಕೆಂದು ಕರಾರು ಪತ್ರದಲ್ಲಿ ಸ್ಪಷ್ಟವಾಗಿತ್ತು. ಏಪ್ರಿಲ್ 30 ಕಳೆದರೂ ಹಣ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ: “ನೋಡಮ್ಮ, ಹೊಸ ಬಾಡಿಗೆಯವರು ಬರ್ಲಿ, ಅವರ ಅಡ್ವಾನ್ಸ್ ಕೈಗೆ ಸಿಕ್ಕ ಕೂಡ್ಲೇ ಕೊಟ್ಬಿಡ್ತೀನಿ.”

ಅವರು ಮೋಸಗಾರರೆಂದು ನನಗೆ ಈಗಲೂ ಅನಿಸುವುದಿಲ್ಲ. ನಮ್ಮ ಹಣವನ್ನು ಮೇಲಿನ ಮಹಡಿ ಕಟ್ಟಲು ಹಾಕಿದ್ದರು. ಆದರೆ ಹೊಸ ಮನೆಯ ಅಡ್ವಾನ್ಸ್‌ಗಾಗಿ ನಾನು ಚೀಟಿ ಎತ್ತಿದ್ದೆ, ಅದರ ಕಂತು ಪ್ರತಿ ತಿಂಗಳೂ ಕಟ್ಟಬೇಕಿತ್ತು. ಅಲ್ಲದೆ ಹೊಸ ಬಾಡಿಗೆದಾರರು ಬರುವವರೆಗೆ ಎಂಬ ಮಾತು ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ.

ಮೇ 10ರ ಬೆಳಿಗ್ಗೆ ನೆನಪೋಲೆ ಬರೆಯಲು ಕುಳಿತೆ. ಮೊದಲ ಕರಡಿನ ತುಂಬ ನನ್ನ ಕಷ್ಟವೇ ಇತ್ತು. ಅದನ್ನು ಹರಿದು, ಕರಾರಿನ ಷರತ್ತನ್ನು ಇದ್ದ ಹಾಗೆಯೇ ಎತ್ತಿ ಬರೆದೆ. ಕೀಲಿಕೈ ಕೊಟ್ಟ ದಿನಕ್ಕೆ ಸಾಕ್ಷಿ ಬೇಕಿತ್ತು, ಏಕೆಂದರೆ 30 ದಿನಗಳ ಎಣಿಕೆ ಶುರುವಾಗುವುದೇ ಅಲ್ಲಿಂದ. ಅಂದು ಮೂರು ಕೀಲಿಕೈಗಳನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ತೆಗೆದ ಫೋಟೋವನ್ನು ಅವರಿಗೆ ವಾಟ್ಸಾಪ್ ಮಾಡಿದ್ದೆ, ಅವರು “ಸಿಕ್ತು” ಎಂದು ಉತ್ತರಿಸಿದ್ದರು. ಆ ಸಂದೇಶದ ಪ್ರತಿಯನ್ನು ಲಗತ್ತಿಸಿದೆ. ಲೆಕ್ಕವನ್ನೂ ನಾನೇ ಹಾಕಿದೆ: 1,50,000ದಲ್ಲಿ ಪೇಂಟಿಂಗ್‌ನ 15,000, ಬೆಸ್ಕಾಂ ಕೊನೆಯ ಬಿಲ್ಲಿನ 640 ಕಳೆದರೆ ಬರಬೇಕಾದದ್ದು 1,34,360. ನ್ಯಾಯವಾಗಿ ಮುರಿಯಬೇಕಾದ್ದನ್ನು ನಾವೇ ಒಪ್ಪಿ ಬರೆದರೆ, ಮುಂದೆ ಲೆಕ್ಕದ ಮೇಲೆ ಜಗಳ ಬೆಳೆಸಲು ಅವಕಾಶ ಕಡಿಮೆ. ಕೊನೆಗೆ ಬ್ಯಾಂಕ್ ಖಾತೆಯ ವಿವರ ಕೊಟ್ಟು, ಮೇ 25ರೊಳಗೆ ಹಣ ಬಾರದಿದ್ದರೆ ವಕೀಲರ ಮೂಲಕ ನೋಟಿಸ್ ಕಳುಹಿಸಬೇಕಾಗುತ್ತದೆ ಎಂದಷ್ಟೇ ಹೇಳಿದೆ. ಬೈಗುಳವಾಗಲಿ, ಪೊಲೀಸರ ಹೆಸರಾಗಲಿ ಇರಲಿಲ್ಲ.

ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಂಡೆ, ಅದರ ಫೋಟೋವನ್ನು ವಾಟ್ಸಾಪ್‌ನಲ್ಲೂ ಹಾಕಿದೆ. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇರುತ್ತದೆ. “ಕೊಡ್ತೀನಿ” ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಆ ಗಡುವು ಮುಂದೆ ಹೋಗುವುದಿಲ್ಲ. ಹಾಗಾಗಿ ಅವರಿಂದ ಬರವಣಿಗೆಯಲ್ಲಿ ಒಂದು ಉತ್ತರ ಬರಲೆಂಬುದೇ ನನ್ನ ಆಸೆಯಾಗಿತ್ತು.

ಮೇ 22ರಂದು ಖಾತೆಗೆ ಒಂದು ಲಕ್ಷ ಬಂತು. ಹಿಂದೆಯೇ ಅವರ ಸಂದೇಶ: “ಉಳಿದ 34,360 ಜೂನ್ 10ರೊಳಗೆ ಹಾಕ್ತೀನಮ್ಮ.” ನಾನು ಆ ಸಾಲನ್ನು ಜೋಪಾನವಾಗಿ ಉಳಿಸಿಕೊಂಡು, ಒಪ್ಪಿಗೆಯೆಂದು ಉತ್ತರಿಸಿದೆ. ಜೂನ್ 9ರಂದು ಉಳಿದ ಹಣವೂ ಬಂದ ಮೇಲೆ, ಅಡ್ವಾನ್ಸ್ ಪೂರ್ತಿ ಚುಕ್ತಾ ಆಗಿದೆ ಎಂದು ನನ್ನ ಸಹಿಯೊಂದಿಗೆ ಬರೆದು ಕಳುಹಿಸಿದೆ.