ಹೆಂಚಿನ ಮನೆ: ತ್ರಿಕೋನ ಇಳಿಯಿತು, ಡ್ರಾ ಕಾಲ್ ಇಳಿಯಲಿಲ್ಲ

14 ಮಾರ್ಚ್ 2025, ಶುಕ್ರವಾರ

ಮೊಬೈಲ್ ಗೇಮಿನ ಹಳ್ಳಿಯ ದೃಶ್ಯಕ್ಕೆ ಮಂಗಳೂರು ಹೆಂಚಿನ ಒಂದು ಮನೆ. ಬ್ಲೆಂಡರ್‌ನಲ್ಲಿ ಕಟ್ಟಿದ್ದು, ಯೂನಿಟಿಯ ಚಿತ್ರಣ ವ್ಯವಸ್ಥೆಯಾದ ಯುಆರ್‌ಪಿ ಮೇಲೆ ಓಡಬೇಕಾದದ್ದು. ಅದೇ ಮನೆ ಹಳ್ಳಿಯಲ್ಲಿ 60 ಕಡೆ ನಿಲ್ಲುತ್ತದೆ. ಒಂದು ಮನೆಗೆ 45,400 ತ್ರಿಕೋನ, ಮೆಟೀರಿಯಲ್ ಏಳು: ಹೆಂಚು, ಸುಣ್ಣದ ಗೋಡೆ, ಮರದ ತೊಲೆ, ಬಾಗಿಲು, ಕಿಟಕಿಯ ಸರಳು, ಜಗುಲಿಯ ಕಲ್ಲು, ತುಳಸಿಕಟ್ಟೆ.

ಇಂಥ ಕಡೆ ಎಲ್ಲರ ಕೈಯೂ ಮೊದಲು ಹೋಗುವುದು ಎಲ್‌ಒಡಿಗೆ. ದೂರದ ಮನೆಗೆ ಹಗುರ ಮಾಡೆಲ್ ಕೊಟ್ಟರೆ ಆಯಿತಲ್ಲ ಎಂದು. ತ್ರಿಕೋನದ ಮಟ್ಟಿಗೆ ಅದು ನಿಜ. ಆದರೆ ಯೂನಿಟಿ ಒಂದು ಮೆಶ್ಶನ್ನು ಮೆಟೀರಿಯಲ್‌ಗೆ ಒಂದರಂತೆ ತುಂಡು ಮಾಡಿ ಬರೆಯುತ್ತದೆ. ಏಳು ಮೆಟೀರಿಯಲ್ ಇದ್ದರೆ ಏಳು ಡ್ರಾ ಕಾಲ್, ಅಂದರೆ ಬರೆಯಲು ಜಿಪಿಯುಗೆ ಏಳು ಆದೇಶ, ಮನೆಯಲ್ಲಿ 45,000 ತ್ರಿಕೋನವಿರಲಿ, 400 ಇರಲಿ. ಕ್ಯಾಮೆರಾ ಎದುರಿಗೆ 40 ಮನೆ ಬಿದ್ದರೆ 280 ಕಾಲ್. ಬರೀ ಎಲ್‌ಒಡಿ ಹಾಕಿದ ಮೇಲೂ ಅದೇ 280. ಹಾಗಾಗಿ ಮೆಟೀರಿಯಲ್ ಕೂಡಿಸುವ ಕೆಲಸ ಮೊದಲು, ಎಲ್‌ಒಡಿ ಆಮೇಲೆ. ಈ ಕ್ರಮ ತಪ್ಪಿದರೆ ಎಲ್‌ಒಡಿಯ ಮೂರು ಹಂತದ ಯುವಿಯನ್ನೂ, ಅಂದರೆ ಮೇಲ್ಮೈಗೆ ಚಿತ್ರ ಹೊಂದಿಸುವ ನಕ್ಷೆಯನ್ನೂ, ಮತ್ತೆ ಬಿಚ್ಚಬೇಕಾಗುತ್ತದೆ.

ಅಟ್ಲಾಸ್

ತೊಲೆ, ಬಾಗಿಲು, ಸರಳು, ಜಗುಲಿ, ತುಳಸಿಕಟ್ಟೆ, ಹೆಂಚು ಇವಿಷ್ಟನ್ನೂ 2048×2048ರ ಒಂದೇ ಚಿತ್ರದೊಳಗೆ ಕೂರಿಸಬಹುದು. ಹೆಂಚುಗಳೆಲ್ಲ ಒಂದೇ ಯುವಿ ಜಾಗವನ್ನು ಹಂಚಿಕೊಳ್ಳುವುದರಿಂದ ಅಲ್ಲಿ ಇಕ್ಕಟ್ಟಾಗುವುದಿಲ್ಲ. ತೊಡಕು ಇರುವುದು ಗೋಡೆಯಲ್ಲಿ. ಸುಣ್ಣದ ಟೆಕ್ಸ್ಚರ್ ಗೋಡೆಯುದ್ದಕ್ಕೂ ನಾಲ್ಕು ಸಲ ಮರುಕಳಿಸುತ್ತದೆ, ಅಂದರೆ ಯುವಿ 0–1ರ ಚೌಕದಾಚೆಗೆ ಚಾಚಿದೆ. ಅದನ್ನು ಅಟ್ಲಾಸಿಗೆ ತಂದರೆ ಗೋಡೆಯ ಮೇಲೆ ಪಕ್ಕದ ಬಾಗಿಲಿನ ಚಿತ್ರ ಮೂಡುತ್ತದೆ. ಗೋಡೆಯನ್ನು ಕತ್ತರಿಸಿ ಹೊಂದಿಸಲೂಬಹುದು, ಆದರೆ ಹತ್ತಿರದ ಮನೆಗೆ ಅದು ಬೇಡ. ಅಲ್ಲಿ ಎರಡು ಮೆಟೀರಿಯಲ್ ಇಟ್ಟುಕೊಳ್ಳುವುದೇ ಸರಿ: ಗೋಡೆಗೊಂದು, ಉಳಿದದ್ದಕ್ಕೆಲ್ಲ ಅಟ್ಲಾಸ್. ದೂರದ ಎರಡು ಹಂತಗಳಲ್ಲಿ ಗೋಡೆಯ ಸೂಕ್ಷ್ಮ ಯಾರಿಗೂ ಕಾಣದು. ಅದಕ್ಕೆ ಮರುಕಳಿಕೆ ಬಿಟ್ಟು, ಅಟ್ಲಾಸಿನ ಒಂದು ಮೂಲೆಯಲ್ಲೇ ಗೋಡೆಯನ್ನೂ ಬೇಕ್ ಮಾಡಿದೆ, ಅಂದರೆ ಚಿತ್ರವಾಗಿ ಅಚ್ಚೊತ್ತಿದೆ. ಅಲ್ಲಿ ಒಂದೇ ಮೆಟೀರಿಯಲ್.

ಬೇಕ್ ಮಾಡುವಾಗ ಅಂಚಿನ ಬಿಡುವು 16 ಪಿಕ್ಸೆಲ್. ಮಿಪ್‌ಮ್ಯಾಪ್, ಅಂದರೆ ದೂರಕ್ಕೆಂದು ಅರ್ಧರ್ಧ ಕಿರಿದಾಗಿಸಿಟ್ಟ ಚಿತ್ರದ ಪ್ರತಿ, ಒಂದೊಂದು ಹಂತ ಇಳಿದಾಗಲೂ ಈ ಬಿಡುವು ಅರ್ಧವಾಗುತ್ತದೆ, ನಾಲ್ಕನೇ ಹಂತದಲ್ಲಿ ಉಳಿಯುವುದು ಒಂದೇ ಪಿಕ್ಸೆಲ್. ನಾಲ್ಕು ಪಿಕ್ಸೆಲ್ ಬಿಟ್ಟಿದ್ದರೆ ಎರಡನೇ ಹಂತದಲ್ಲೇ ಅಲ್ಲಿಗೆ ಬಂದು, ದೂರದ ಮನೆಗಳ ಸೂರಿನಂಚಿಗೆ ಕಲ್ಲಿನ ಬೂದು ಬಣ್ಣದ ಗೆರೆ ಹತ್ತುತ್ತಿತ್ತು.

ಮಾಡು

45,400ರಲ್ಲಿ 36,000 ತ್ರಿಕೋನ ಹೆಂಚಿನದ್ದೇ: ಒಂದಕ್ಕೆ 60ರಂತೆ 600 ಹೆಂಚು. ಇದಕ್ಕೆ ತ್ರಿಕೋನ ತಗ್ಗಿಸುವ ಬ್ಲೆಂಡರಿನ Decimate ಹಾಕಬಾರದು. ಪ್ರತಿ ಹೆಂಚೂ ಬಿಡಿ ತುಂಡು, ಅದರ Collapse ವಿಧಾನ ಬಿಡಿ ತುಂಡುಗಳನ್ನು ಒಂದಕ್ಕೊಂದು ಬೆಸೆಯುವುದಿಲ್ಲ. ಅನುಪಾತ 0.1 ಕೊಟ್ಟರೆ ಹೆಂಚಿಗೆ ಸುಮಾರು ಆರು ತ್ರಿಕೋನ ಉಳಿದು, ಒಂದೊಂದೂ ಮುದುಡಿ, ನಡುವೆ ಸಂದು ಬಿಟ್ಟು ಒಳಗಿನ ಕತ್ತಲೆ ಕಾಣುತ್ತದೆ.

ಇದಕ್ಕೆ ಕೈಕೆಲಸವೇ ಆಗಬೇಕು. ಮಾಡಿನ ಎರಡು ಇಳಿಜಾರಿಗೆ ಎರಡು ಚಪ್ಪಟೆ ಹಾಳೆ, ಅದರ ಮೇಲೆ ಹೆಂಚಿನ ಉಬ್ಬುತಗ್ಗನ್ನು ನಾರ್ಮಲ್ ಮ್ಯಾಪ್ ಆಗಿ ಬೇಕ್ ಮಾಡುವುದು. ನಡುಹಂತದಲ್ಲಿ ಸೂರಿನ ಕೊನೆಯ ಸಾಲಿನ 40 ಹೆಂಚನ್ನು ಮಾತ್ರ ನಿಜವಾದ ಆಕಾರದಲ್ಲೇ, ಆದರೆ ಒಂದಕ್ಕೆ 24 ತ್ರಿಕೋನಕ್ಕೆ ಇಳಿಸಿ, ಉಳಿಸಿಕೊಂಡಿದ್ದೇನೆ. ಹೆಂಚಿನ ಮನೆಯನ್ನು ಕಣ್ಣು ಗುರುತಿಸುವುದು ಆ ಅಲೆಯಲೆಯಾದ ಅಂಚಿನಿಂದ. ಅದೂ ನೇರ ಗೆರೆಯಾದರೆ ತಗಡಿನ ಶೆಡ್ಡಿನಂತೆ ತೋರುತ್ತದೆ. ಇನ್ನೊಂದು ಸಂಗತಿ: ಹಾಳೆಯನ್ನು ಹೆಂಚಿನ ತಳದ ಮಟ್ಟದಲ್ಲಿ ಇಟ್ಟರೆ ಹಂತ ಬದಲಾದ ಕ್ಷಣ ಮಾಡು ಕುಸಿದಂತೆ ಕಾಣುತ್ತದೆ. ಹೆಂಚಿನ ದಪ್ಪದ ಅರ್ಧದಷ್ಟು ಮೇಲಕ್ಕೆತ್ತಿದರೆ ಆ ಜಿಗಿತ ಅಡಗುತ್ತದೆ.

ಕೊನೆಗೆ ನಡುಹಂತಕ್ಕೆ 3,200 ತ್ರಿಕೋನ, ದೂರದ ಹಂತಕ್ಕೆ 420. ಮೂರಕ್ಕೂ ಮೂಲಬಿಂದು ಒಂದೇ. ಹೆಸರು `Mane_LOD0`, `Mane_LOD1`, `Mane_LOD2`. ಹೀಗೆ ಹೆಸರಿಟ್ಟರೆ ಯೂನಿಟಿ ಆಮದು ಮಾಡುವಾಗ ತಾನೇ LOD Group ಕಟ್ಟಿಕೊಡುತ್ತದೆ.

ಎಷ್ಟು ದೂರಕ್ಕೆ ಯಾವುದು

LOD Group ಕೇಳುವುದು ಮೀಟರ್ ಅಲ್ಲ, ಪರದೆಯ ಎತ್ತರದಲ್ಲಿ ಮನೆ ಎಷ್ಟು ಪಾಲು ತುಂಬುತ್ತದೆ ಎಂಬುದನ್ನು:

```
h = size / (2 * distance * tan(fov / 2)) * lodBias
```

ಇಲ್ಲಿ `size` ಅಂದರೆ ಮನೆಯನ್ನು ಸುತ್ತುವರಿದ ಪೆಟ್ಟಿಗೆಯ ಅತಿ ಉದ್ದದ ಬದಿ. ಈ ಮನೆಯ ಎತ್ತರ 6 ಮೀಟರ್, ಅಗಲ 9, ಲೆಕ್ಕಕ್ಕೆ ಬರುವುದು 9. ಕ್ಯಾಮೆರಾ ಕೋನ 60 ಡಿಗ್ರಿ, ಬಯಾಸ್ 1 ಇದ್ದಾಗ 35% ಎಂದರೆ ಸುಮಾರು 22 ಮೀಟರ್, 10% ಎಂದರೆ 78 ಮೀಟರ್, 2% ಎಂದರೆ 390 ಮೀಟರ್. ಈ ಮೂರನ್ನೇ ಗಡಿಯಾಗಿ ಇಟ್ಟೆ. 390 ದಾಟಿದ ಮನೆಯನ್ನು ಬರೆಯುವುದೇ ಇಲ್ಲ.

`lodBias` ಕ್ವಾಲಿಟಿ ಮಟ್ಟಕ್ಕೊಂದು ಇರುತ್ತದೆ, ಮೋಸ ಹೋಗುವುದು ಇಲ್ಲೇ. ಎಡಿಟರಿನ ಮಟ್ಟದಲ್ಲಿ 2, ಫೋನಿನ ಮಟ್ಟದಲ್ಲಿ 0.5 ಇದ್ದರೆ, ಕಂಪ್ಯೂಟರಿನಲ್ಲಿ 45 ಮೀಟರಿಗೆ ಬದಲಾಗುವ ಮನೆ ಫೋನಿನಲ್ಲಿ 11 ಮೀಟರಿಗೇ ಚಪ್ಪಟೆ ಮಾಡು ಹೊದ್ದು ನಿಲ್ಲುತ್ತದೆ. ಗಡಿ ತಿದ್ದುವ ಮೊದಲು ಎಡಿಟರಿನಲ್ಲೂ ಫೋನಿನ ಮಟ್ಟವನ್ನೇ ಆರಿಸಿಕೊಳ್ಳಬೇಕು.

ಒಂದು ಹಂತ ಮಾಸುತ್ತ ಇನ್ನೊಂದು ಮೂಡುವ Cross Fade ಹಾಕಿಲ್ಲ. ಅದು ನಡೆಯುವಷ್ಟು ಹೊತ್ತು ಎರಡೂ ಹಂತ ಒಟ್ಟಿಗೆ ಬರೆಯಲ್ಪಡುತ್ತವೆ. ಜೊತೆಗೆ ಪಿಕ್ಸೆಲ್‌ಗೆ ಬಣ್ಣ ಕಟ್ಟುವ ಶೇಡರ್ ಕೆಲವು ಪಿಕ್ಸೆಲ್‌ಗಳನ್ನು ಕೈಬಿಡಬೇಕಾಗಿ ಬಂದು, ಮರೆಯಲ್ಲಿರುವುದನ್ನು ಮೊದಲೇ ಬಿಡುವ ಅನುಕೂಲ ಫೋನಿನ ಜಿಪಿಯುಗೆ ಕಡಿಮೆಯಾಗುತ್ತದೆ.

ಲೆಕ್ಕ

ಎದುರಿನ 40 ಮನೆಗಳಲ್ಲಿ 3 ಹತ್ತಿರ, 12 ನಡುವೆ, 25 ದೂರ ಎಂದಿಟ್ಟುಕೊಂಡರೆ, 18,16,000 ಇದ್ದ ತ್ರಿಕೋನ 1,85,100ಕ್ಕೆ ಇಳಿಯುತ್ತದೆ. ಡ್ರಾ ಕಾಲ್ 280ರಿಂದ 43ಕ್ಕೆ: ಹತ್ತಿರದವಕ್ಕೆ ಎರಡೆರಡು, ಉಳಿದವಕ್ಕೆ ಒಂದೊಂದು. ನೆರಳಿಗೆ ಇದರ ಮೇಲೆ ಇನ್ನೊಂದು ಸುತ್ತು ಬರೆಯಬೇಕು, ದೂರಕ್ಕೆ ತಕ್ಕಂತೆ ನೆರಳನ್ನು ಹೋಳು ಮಾಡುವ ಕ್ಯಾಸ್ಕೇಡ್ ಹೆಚ್ಚಿದ್ದರೆ ಇನ್ನೂ ಹೆಚ್ಚು. `LOD2`ನ Mesh Rendererನಲ್ಲಿ Cast Shadows ಆಫ್ ಮಾಡಿದರೆ ಆ ಸುತ್ತಿನಿಂದ 25 ಮನೆ ಹೊರಬೀಳುತ್ತವೆ. 78 ಮೀಟರಿನಾಚೆಯ ನೆರಳು ಈ ದೃಶ್ಯದಲ್ಲಿ ಹೇಗೂ ಕಾಣುವುದಿಲ್ಲ.

43 ಇನ್ನೂ ಇಳಿಯಲೆಂದು ಮೆಟೀರಿಯಲ್‌ನಲ್ಲಿ Enable GPU Instancing ಟಿಕ್ ಮಾಡಿದರೆ ಏನೂ ಆಗುವುದಿಲ್ಲ. ಯುಆರ್‌ಪಿಯಲ್ಲಿ ಎಸ್‌ಆರ್‌ಪಿ ಬ್ಯಾಚರ್ ಆನ್ ಇದ್ದು ಶೇಡರ್ ಅದಕ್ಕೆ ಒಗ್ಗುವಂಥದ್ದಾದರೆ ಅದಕ್ಕೇ ಮೊದಲ ಮಣೆ. ಅದು ಕಾಲ್‌ಗಳ ಎಣಿಕೆ ತಗ್ಗಿಸುವುದಿಲ್ಲ, ಒಂದು ಕಾಲ್‌ನಿಂದ ಮುಂದಿನದಕ್ಕೆ ಹೋಗುವಾಗಿನ ಸಿದ್ಧತೆಯ ಖರ್ಚನ್ನು ತಗ್ಗಿಸುತ್ತದೆ. ಈ ಹಳ್ಳಿಗೆ ಅಷ್ಟು ಸಾಕು. 60 ಮನೆಯನ್ನೂ ಒಂದೇ ಮೆಶ್ ಮಾಡಿಬಿಡುವ ದಾರಿಯಂತೂ ಬೇಡ: ಒಂದು ಮೂಲೆ ಕಂಡರೂ ಇಡೀ ಊರನ್ನು ಬರೆಯಬೇಕು, ಎಲ್‌ಒಡಿಯೂ ಊರಿಗೆಲ್ಲ ಒಂದೇ ಆಗುತ್ತದೆ.

ಮನೆಮನೆಗೆ ಬೇರೆ ಬಣ್ಣದ ಬಾಗಿಲು ಬೇಕೆಂದು `MaterialPropertyBlock` ಬಳಸಿದರೆ ಆ ಮನೆ ಎಸ್‌ಆರ್‌ಪಿ ಬ್ಯಾಚರ್‌ನಿಂದ ಹೊರಗೆ ಹೋಗುತ್ತದೆ. ಅದೇ ಶೇಡರಿನ ನಾಲ್ಕು ಮೆಟೀರಿಯಲ್ ಮಾಡಿಟ್ಟರೆ ಬ್ಯಾಚ್ ಮುರಿಯುವುದಿಲ್ಲ, ಏಕೆಂದರೆ ಅದು ಗುಂಪು ಕಟ್ಟುವುದು ಶೇಡರಿನ ರೂಪ ನೋಡಿ, ಮೆಟೀರಿಯಲ್ ನೋಡಿ ಅಲ್ಲ. ಸಂಶಯ ಬಂದರೆ Window > Analysis > Frame Debugger ತೆರೆದು SRP Batch ಸಾಲುಗಳನ್ನು ನೋಡಬೇಕು. ಹಿಂದಿನ ಬ್ಯಾಚಿನ ಜೊತೆ ಏಕೆ ಸೇರಲಿಲ್ಲ ಎಂಬ ಕಾರಣ ಅಲ್ಲೇ ಬರೆದಿರುತ್ತದೆ. ಇವತ್ತು ಹಾಗೆ ಸಿಕ್ಕಿದ್ದು ತುಳಸಿಕಟ್ಟೆಯ ದೀಪ: ಅದಕ್ಕೊಂದು ಎಮಿಷನ್ ಕೀವರ್ಡ್ ಆನ್ ಆಗಿತ್ತು, ಶೇಡರಿನ ರೂಪವೇ ಬೇರೆಯಾಗಿ ಬ್ಯಾಚ್ ಎರಡಾಗಿತ್ತು. ಎಮಿಷನ್ ಆಫ್ ಮಾಡಿ ದೀಪದ ಹೊಳಪನ್ನು ಅಟ್ಲಾಸಿನ ಬಣ್ಣದಲ್ಲೇ ಬೇಕ್ ಮಾಡಿದ ಮೇಲೆ ಮತ್ತೆ ಒಂದಾಯಿತು.