55 ಎಂಬ ಅಂಕಿ ನಂಬಿ ಫಿಲ್ಟರ್ ಕೊಟ್ಟೆ

ಮಂಗಳೂರಿನ ಹಂಪನಕಟ್ಟೆಯ ಕ್ಯಾಮೆರಾ ಅಂಗಡಿಯೊಂದರಲ್ಲಿ ನಾನು ಮಾರಾಟದ ಕೆಲಸ ಮಾಡುತ್ತೇನೆ. ಉಡುಗೊರೆಗೆಂದು ಬರುವವರು ಮೊದಲು ಹೇಳುವುದು ಬಜೆಟ್. ಹಿಂದೆ ನಾನೂ ಅದಕ್ಕೆ ತಕ್ಕಂತೆ ಲೆನ್ಸಿನ ಮುಂದೆ ಹಾಕುವ ಫಿಲ್ಟರನ್ನೋ ಚರ್ಮದ ಚೀಲವನ್ನೋ ತೆಗೆದು, ಬಣ್ಣದ ಕಾಗದ ಸುತ್ತಿ ಕೊಡುತ್ತಿದ್ದೆ.

ಒಂದು ಸಂಜೆ ಬ್ಯಾಂಕ್ ಉದ್ಯೋಗಿಯೊಬ್ಬರು ಬಂದರು. ಅವರ ಉಡುಪಿಯ ಗೆಳೆಯರಿಗೆ ಯಕ್ಷಗಾನದ ಫೋಟೋ ತೆಗೆಯುವ ಹುಚ್ಚು. ಲೆನ್ಸ್ ಯಾವುದೆಂದು ಕೇಳಿದೆ. ಮೊಬೈಲಿನಲ್ಲಿದ್ದ ಚಿತ್ರ ಹಿಗ್ಗಿಸಿ, "18-55 ಎಂದಿದೆ ಅಣ್ಣ" ಎಂದರು. ಗಿರಾಕಿಗಳ ಗಡಿಬಿಡಿಯಲ್ಲಿ 55 ಮಿಲಿಮೀಟರ್ ಫಿಲ್ಟರ್ ಕೊಟ್ಟುಬಿಟ್ಟೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಮಾಡಬಾರದ ತಪ್ಪು. ಆ 55 ಲೆನ್ಸಿನ ನಾಭಿದೂರ. ಫಿಲ್ಟರಿಗೆ ಬೇಕಾದ ಬಾಯಿಯ ಅಳತೆ ಲೆನ್ಸಿನ ಮುಂಭಾಗದಲ್ಲಿ, ಗೀಟು ಹಾಯಿಸಿದ ಸೊನ್ನೆಯ ಪಕ್ಕ ಇರುತ್ತದೆ. ಅವರದ್ದು 58.

ವಾರ ಕಳೆದು ಗೆಳೆಯರೇ ಬಂದರು. ಬದಲಿಸಿ ಕೊಡುತ್ತೇನೆಂದೆ. "58 ಕೊಟ್ಟರೂ ನಾನು ಹಾಕುವುದಿಲ್ಲ ಮಾರಾಯರೇ" ಎಂದು ಹಳೆಯ ಫೋಟೋ ಒಂದನ್ನು ತೋರಿಸಿದರು. ಬಣ್ಣದ ವೇಷದ ಕಿರೀಟದ ಪಕ್ಕ ಹಸಿರು ಚುಕ್ಕಿ. ರಂಗಸ್ಥಳದ ದೀಪದ ಬೆಳಕು ಅಗ್ಗದ ಫಿಲ್ಟರಿನ ಚಪ್ಪಟೆ ಗಾಜಿಗೂ ಲೆನ್ಸಿಗೂ ನಡುವೆ ಪುಟಿದು ಹೀಗಾಗುತ್ತದೆ.

ಮತ್ತೆ ಚೀಲದಿಂದ ಇನ್ನೊಂದು ಲೆನ್ಸ್ ತೆಗೆದರು. ಟ್ಯೂಬ್‌ಲೈಟಿಗೆ ಓರೆ ಹಿಡಿದಾಗ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಬೂಷ್ಟು! ಆಟಿ ತಿಂಗಳಿಡೀ ಅದು ಚರ್ಮದ ಚೀಲದೊಳಗಿತ್ತಂತೆ. ಆ ಚೀಲವೂ ಯಾರೋ ಕೊಟ್ಟ ಉಡುಗೊರೆಯೇ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ತಾನೂ ಬೂಷ್ಟು ಹಿಡಿಯುತ್ತದೆ, ಲೆನ್ಸಿಗೂ ಹಿಡಿಸುತ್ತದೆ.

ಫಿಲ್ಟರ್ ವಾಪಸು ತೆಗೆದುಕೊಂಡೆ. ಸ್ವಲ್ಪ ಹಣ ಸೇರಿಸಿಕೊಂಡು ಅವರೇ ಆರಿಸಿದ್ದು ಮೂರು ವಸ್ತು: ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬಿ, ತೇವಾಂಶ ತೋರಿಸುವ ಪುಟ್ಟ ಮೀಟರ್, ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೋ. ಮೀಟರಿನ ಮುಳ್ಳು 40ರಿಂದ 50ರ ನಡುವೆ ನಿಂತರೆ ಸಾಕು. 60 ದಾಟಿದರೆ ಜೆಲ್ ನೋಡಬೇಕು. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದ್ದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಆದರೆ ಆಗಲೇ ಹಿಡಿದ ಬೂಷ್ಟನ್ನು ಡಬ್ಬಿ ತೆಗೆಯುವುದಿಲ್ಲ. ಆ ಲೆನ್ಸನ್ನು ಬಿಚ್ಚಿ ತೊಳೆಯಲು ರಿಪೇರಿಯವರಿಗೇ ಕೊಡಬೇಕಾಯಿತು.

ಕಳೆದ ಮೇ ತಿಂಗಳಲ್ಲಿ ಬ್ಯಾಂಕಿನ ಅಕ್ಕ ಮತ್ತೆ ಬಂದರು, ಈ ಸಲ ತಂಗಿಯ ಗಂಡನಿಗೆ ಉಡುಗೊರೆ. ಬಜೆಟ್ ಹೇಳುವ ಮೊದಲೇ, "ಮಳೆಗಾಲದಲ್ಲಿ ಕ್ಯಾಮೆರಾ ಎಲ್ಲಿಡುತ್ತಾರೆ?" ಎಂದು ಕೇಳಿದೆ. ಅಲ್ಲೇ ನಿಂತು ತಂಗಿಗೆ ಫೋನ್ ಮಾಡಿದರು. ಬಟ್ಟೆಯ ಕಪಾಟಿನಲ್ಲಿ, ಸೀರೆಗಳ ನಡುವೆ! ಡಬ್ಬಿ ಇಳಿಸಿದೆ. ಅಷ್ಟು ದೊಡ್ಡದಕ್ಕೆ ಬಣ್ಣದ ಕಾಗದ ಸಾಲದೆ, ಮುಚ್ಚಳಕ್ಕೊಂದು ರಿಬ್ಬನ್ ಕಟ್ಟಿ ಕಳುಹಿಸಿದೆ.