ಕಡಿಮೆ ಬರುವುದು ಯಾವುದು ಅಂತ ಕೇಳಬೇಡಿ

"ಸರ್, ಪರ್ಸೆಂಟ್ ಎರರ್ ಹಾಕಬೇಕಾ, ಪರ್ಸೆಂಟ್ ಡಿಫರೆನ್ಸ್ ಹಾಕಬೇಕಾ? ಯಾವುದರಲ್ಲಿ ಕಡಿಮೆ ಬರುತ್ತೆ?"

ಲ್ಯಾಬ್‌ನಲ್ಲಿ ನೀವು ಅಳೆದ ಬೆಲೆಯ ಎದುರಿಗಿರುವುದು ಎಲ್ಲರೂ ಒಪ್ಪಿದ ಬೆಲೆಯಾದರೆ ಎರರ್. ಎರಡೂ ಅಳೆದು ಬಂದ ಬೆಲೆಗಳಾಗಿದ್ದು, ಯಾವುದು ಸರಿ ಅಂತ ಹೇಳಲಾಗದಿದ್ದರೆ ಡಿಫರೆನ್ಸ್. ಎರರ್‌ನಲ್ಲಿ ವ್ಯತ್ಯಾಸವನ್ನು ಒಪ್ಪಿದ ಬೆಲೆಯಿಂದ ಭಾಗಿಸುತ್ತೀರಿ. ಡಿಫರೆನ್ಸ್‌ನಲ್ಲಿ ಎರಡರ ಸರಾಸರಿಯಿಂದ. ಆಮೇಲೆ ನೂರರಿಂದ ಗುಣಿಸಿ. ಇಷ್ಟೇ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಎರಡನೇ ಅರ್ಧಕ್ಕೆ. ಕಡಿಮೆ ಬರುವುದನ್ನು ಆರಿಸಿಕೊಳ್ಳುವುದಾದರೆ ಅಳೆದದ್ದಾದರೂ ಯಾಕೆ? ಅದೂ ಅಲ್ಲದೆ, ತಪ್ಪು ಚಿಕ್ಕದಿದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ. ಲೋಲಕದಿಂದ ಗುರುತ್ವ ವೇಗೋತ್ಕರ್ಷ g ಕಂಡುಹಿಡಿದಾಗ 9.58 ಬಂತು ಅನ್ನಿ. ಒಪ್ಪಿದ್ದು 9.81. ಎರರ್ ಶೇ. 2.3, ಡಿಫರೆನ್ಸ್ ಶೇ. 2.4. ಇದಕ್ಕಾಗಿ ಅಷ್ಟು ಚರ್ಚೆ!

ತಪ್ಪು ದೊಡ್ಡದಾದಾಗ ಮಾತ್ರ ಆಟ ಬೇರೆ. ಒಬ್ಬ ಹುಡುಗ ಗುಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದದ್ದನ್ನೇ ಪೂರ್ತಿ ಆಂದೋಲನ ಅಂತ ಎಣಿಸಿದ್ದ. ಅವಧಿ ಅರ್ಧವಾಯಿತು, g ನಾಲ್ಕು ಪಟ್ಟಾಯಿತು, 38.3. ಎರರ್ ಹಾಕಿದರೆ ಶೇ. 290. ಅವನು ಡಿಫರೆನ್ಸ್ ಹಾಕಿ ಶೇ. 118 ಬರೆದುಕೊಂಡು ಬಂದ, ಸ್ವಲ್ಪ ಸಮಾಧಾನದಲ್ಲೇ. ಸರಾಸರಿಯೊಳಗೆ ಅವನ ತಪ್ಪು ಬೆಲೆಯೂ ಸೇರಿಕೊಂಡು ಛೇದವನ್ನು ಉಬ್ಬಿಸಿತ್ತು, ಅದಕ್ಕೇ ಕಡಿಮೆ ಬಂತು. ಎರಡೂ ಬೆಲೆ ಧನವಾಗಿದ್ದರೆ ಡಿಫರೆನ್ಸ್ ಶೇ. 200 ದಾಟುವುದೇ ಇಲ್ಲ, ಎಷ್ಟೇ ಕೆಟ್ಟದಾಗಿ ಅಳೆದರೂ. ಒಪ್ಪಿದ ಬೆಲೆ ಎದುರಿಗೇ ಇರುವಾಗ ಡಿಫರೆನ್ಸ್ ಬಳಸಬಾರದು ಅನ್ನುವುದು ಇದಕ್ಕೆ.

ಹಾಗಂತ ಡಿಫರೆನ್ಸ್ ದಂಡದ ಲೆಕ್ಕ ಅಲ್ಲ. ನೀವು ಕೇಳಬೇಕಿದ್ದದ್ದು ಹೀಗೆ: "ಇಬ್ಬರಿಗೂ ಹತ್ತಿರ ಹತ್ತಿರ ಒಂದೇ ಬಂತು, ಆದರೂ ಇಬ್ಬರದೂ ಯಾಕೆ ತಪ್ಪು?" ಇದನ್ನು ಕೇಳಿದ್ದರೆ ಇಡೀ ಮಧ್ಯಾಹ್ನ ಕೂತು ಮಾತಾಡುತ್ತಿದ್ದೆ.

ಒಂದೇ ಲೋಲಕ, ಇಬ್ಬರು ಅಳೆದರು. ಉದ್ದ 1.00 ಮೀಟರ್ ಅಂತ ಇಬ್ಬರೂ ಬರೆದುಕೊಂಡರು. 20 ಆಂದೋಲನಕ್ಕೆ ಒಬ್ಬರಿಗೆ 40.6 ಸೆಕೆಂಡ್, ಇನ್ನೊಬ್ಬರಿಗೆ 40.5. ಉದ್ದ L, ಒಂದು ಆಂದೋಲನದ ಅವಧಿ T ಅಂತ ಇಟ್ಟು g = 4π²L/T² ಗೆ ಹಾಕಿದರೆ 9.58 ಮತ್ತು 9.63. ಇವೆರಡರ ನಡುವೆ ಹಾಕಬೇಕಾದದ್ದು ಡಿಫರೆನ್ಸ್, ಯಾಕಂದ್ರೆ ಇಲ್ಲಿ ಯಾರೂ ದೊಡ್ಡವರಲ್ಲ. ಅದು ಸುಮಾರು ಶೇ. 0.5. ಅಂದರೆ ಸ್ಟಾಪ್‌ವಾಚ್ ಒತ್ತಿದ ಕೈಗಳು ಚೆನ್ನಾಗಿವೆ. ಈಗ 9.81 ಜೊತೆ ಎರರ್ ಹಾಕಿ. ಶೇ. 2.3 ಮತ್ತು 1.8. ಎರಡೂ ಕಡಿಮೆ ಕಡೆಗೇ. ಚಿಹ್ನೆ ಅಳಿಸಿ ಬರೆಯುವ ಚಾಳಿ ಇದ್ದವರಿಗೆ ಇದು ಕಾಣುವುದಿಲ್ಲ. ಕೈ ತಡವರಿಸಿದ್ದರೆ ಒಂದು ಮೇಲೆ, ಒಂದು ಕೆಳಗೆ ಬರಬಹುದಿತ್ತು. ಇಬ್ಬರದೂ ಒಂದೇ ಕಡೆ ಜಾರಿದೆ ಅಂದರೆ, ಇಬ್ಬರಿಗೂ ಸಾಮಾನ್ಯವಾಗಿರುವ ಯಾವುದೋ ಒಂದನ್ನು ಅನುಮಾನಿಸಬೇಕು.

ಸಾಮಾನ್ಯವಾಗಿದ್ದದ್ದು ಉದ್ದ. ದಾರವನ್ನು ಗಂಟಿನವರೆಗೆ ಅಳೆದಿದ್ದರು. ಸೂತ್ರಕ್ಕೆ ಬೇಕಾದದ್ದು ಗುಂಡಿನ ನಡುವಿನವರೆಗಿನ ಉದ್ದ. ಕೊಕ್ಕೆ ಮತ್ತು ಗುಂಡಿನ ಅರ್ಧ ಸೇರಿದರೆ 2.2 ಸೆಂಟಿಮೀಟರ್ ಜಾಸ್ತಿ. 1.022 ಮೀಟರ್ ಹಾಕಿ ಮತ್ತೆ ಲೆಕ್ಕ ಮಾಡಿದರೆ 9.79 ಮತ್ತು 9.84. ಎರರ್ ಶೇ. 0.2 ಮತ್ತು 0.3ಕ್ಕೆ ಇಳಿಯಿತು. ಡಿಫರೆನ್ಸ್ ಮಾತ್ರ ಅಲ್ಲಾಡಲಿಲ್ಲ, ಅದೇ ಶೇ. 0.5. ಉದ್ದದ ತಪ್ಪು ಎರಡೂ ಬೆಲೆಯನ್ನು ಒಂದೇ ಪ್ರಮಾಣದಲ್ಲಿ ಎಳೆದಿತ್ತು, ಹಾಗಾಗಿ ಡಿಫರೆನ್ಸ್‌ಗೆ ಅದರ ಸುಳಿವೇ ಇರಲಿಲ್ಲ.

ಇಲ್ಲಿಗೆ ಬಂದ ಮೇಲೆ ಒಂದು ಬೇಕೆಂದೇ ಎಳೆಯುವ ತಕರಾರು ನನ್ನದು. ಶೇ. 0.3 ಬಂತು ಅಂತ ಖುಷಿ ಪಡುವ ಮುಂಚೆ ಆ 9.81 ಯಾರದು ಅಂತ ನೋಡಿ. ಭೂಮಧ್ಯರೇಖೆಯ ಹತ್ತಿರ g 9.78, ಧ್ರುವದಲ್ಲಿ 9.83. ಪುಸ್ತಕದ ಹಿಂದೆ ಕಾಣುವ 9.80665 ಅಂದರೆ 1901ರಲ್ಲಿ ಒಪ್ಪಂದ ಮಾಡಿಕೊಂಡ ಸಂಖ್ಯೆ, ನಿಮ್ಮ ಮೇಜಿನ ಮೇಲಿನ g ಅಲ್ಲ. ಎರರ್ ಶೇ. 2 ಇದ್ದಾಗ ಇದನ್ನು ಮರೆತರೂ ನಡೆಯುತ್ತದೆ. ಶೇ. 0.3 ಇದ್ದಾಗ ನಡೆಯುವುದಿಲ್ಲ, ಯಾಕಂದ್ರೆ ಒಪ್ಪಿದ ಬೆಲೆಯೇ ಜಾಗದಿಂದ ಜಾಗಕ್ಕೆ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಅಲ್ಲಿಗೆ, ನಿಮ್ಮ ಊರಿನ g ಎಷ್ಟು ಅಂತ ತಿಳಿದುಕೊಂಡು ಬನ್ನಿ, ಆಮೇಲೆ ಭಾಗಿಸೋಣ.